ಗೂಡುದೀಪದ ಬೆಳಕಿಗೆ ಯಾವ ಟೈಮರ್, ಒಳಗಿನ ಮೋಟಾರಿಗೆ ಯಾವುದು?

ದೀಪಾವಳಿ ಹತ್ತಿರ ಬಂತೆಂದರೆ ಉಡುಪಿಯ ನಮ್ಮ ಕೇರಿಯಲ್ಲಿ ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟಿನ ಕಾರುಬಾರು ಶುರು. ಈಗೀಗ ಅದರ ಜೊತೆಗೆ ಆರ್ಡುಯಿನೊ ಬೋರ್ಡೂ ಬಂದಿದೆ. ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗಿ ಕಳೆದ ಸಲ ತನ್ನ ಗೂಡುದೀಪವನ್ನೇ ಎತ್ತಿಕೊಂಡು ನಮ್ಮ ಚಾವಡಿಗೆ ಬಂದಳು. ಒಳಗೆ 12 ವೋಲ್ಟಿನ ಒಂದು ಮೀಟರ್ ಎಲ್‌ಇಡಿ ಪಟ್ಟಿ. ಅದರ ಸುತ್ತ ನಿಧಾನಕ್ಕೆ ತಿರುಗಬೇಕಾದ ಕಾಗದದ ಡೋಲು. ಅದನ್ನು ತಿರುಗಿಸಲು ಹಳದಿ ಬಣ್ಣದ ಗೇರ್ ಮೋಟಾರು, ಅಂಗಡಿಯಲ್ಲಿ ಬಿಒ ಮೋಟಾರ್ ಅಂತ ಕೊಡುತ್ತಾರಲ್ಲ, ಅದು.

“ಅಣ್ಣ, ಬೆಳಕು ಉಸಿರಾಡಿದ ಹಾಗೆ ಏರಿ ಇಳಿಯಬೇಕು. ಏರುವುದು ಚೆಂದ ಉಂಟು. ಇಳಿಯುವಾಗ ಕೊನೆಗೆ ಮಾತ್ರ ಮೆಟ್ಟಿಲು ಇಳಿದ ಹಾಗೆ ದಡಕ್ ದಡಕ್ ಅನ್ನುತ್ತದೆ. ಮೋಟಾರು ಬೇರೆ ಸೊಳ್ಳೆಯ ಹಾಗೆ ಕುಂಯ್ಗುಟ್ಟುತ್ತದೆ. ಎಂತ ಮಾಡುವುದು?”

ಅವಳ ಮುಂದೆ ನಾಲ್ಕು ದಾರಿ ಇದ್ದವು. ಪಿನ್ನನ್ನು ಬೇಗ ಬೇಗ ಆನ್ ಆಫ್ ಮಾಡಿ ಬೆಳಕನ್ನೋ ವೇಗವನ್ನೋ ಹೊಂದಿಸುವ `analogWrite` ಹೇಗಿದೆಯೋ ಹಾಗೇ ಬಿಡುವುದು. ಟೈಮರ್ 2ರ ಪ್ರಿಸ್ಕೇಲರ್ ಮಾತ್ರ ಬದಲಿಸುವುದು. ಟೈಮರ್ 1ನ್ನು ಪೂರ್ತಿ ಕೈಯಾರೆ ಹೊಂದಿಸುವುದು. ಇಲ್ಲವೇ ಬೋರ್ಡನ್ನೇ ಬದಲಿಸಿ ಇಎಸ್‌ಪಿ32 ಹಾಕುವುದು. ಈ ಗೊಂದಲ ಅವಳೊಬ್ಬಳದ್ದಲ್ಲ. ಹಾಗಾಗಿ ಅವತ್ತು ಕೂತು ಅಳೆದು ತೂಗಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಲೆಕ್ಕವೆಲ್ಲ ಊನೊ ಮತ್ತು ನ್ಯಾನೊ ಬೋರ್ಡುಗಳದ್ದು. ಅಂದರೆ ಎಟಿಮೆಗಾ328ಪಿ ಚಿಪ್, 16 ಮೆಗಾಹರ್ಟ್ಸ್ ಗಡಿಯಾರ.

ಮೊದಲು ಅಳತೆಗೋಲು

ಟೈಮರ್ ಅಂದರೆ ಎಣಿಸುವ ಯಂತ್ರ, ಅಷ್ಟೇ. ಸೊನ್ನೆಯಿಂದ ಒಂದು ತುದಿಯವರೆಗೆ ಎಣಿಸುತ್ತದೆ, ಮತ್ತೆ ಸೊನ್ನೆಗೆ ಬರುತ್ತದೆ. ನಡುವೆ ನಾವು ಒಂದು ಗುರುತು ಇಟ್ಟಿರುತ್ತೇವೆ. ಎಣಿಕೆ ಆ ಗುರುತು ಮುಟ್ಟುವ ತನಕ ಪಿನ್ ಆನ್, ದಾಟಿದ ಮೇಲೆ ಆಫ್. ತುದಿ ಎಲ್ಲಿದೆ ಅನ್ನುವುದರಿಂದ ಫ್ರೀಕ್ವೆನ್ಸಿ, ಗುರುತು ಎಲ್ಲಿದೆ ಅನ್ನುವುದರಿಂದ ಡ್ಯೂಟಿ, ಅಂದರೆ ಒಂದು ಸುತ್ತಿನಲ್ಲಿ ಪಿನ್ ಆನ್ ಇರುವ ಪಾಲು. ಈ ಆಟಕ್ಕೇ ಪಿಡಬ್ಲ್ಯುಎಂ ಅನ್ನುವುದು.

ಸೆಕೆಂಡಿಗೆ ನಮಗೆ ಸಿಗುವ ಎಣಿಕೆ 1 ಕೋಟಿ 60 ಲಕ್ಷ. ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಅದನ್ನು ಸೆಕೆಂಡಿಗೆ 1,000 ಸುತ್ತುಗಳಿಗೆ ಹಂಚಿದರೆ ಒಂದೊಂದು ಸುತ್ತಿನಲ್ಲಿ 16,000 ಮೆಟ್ಟಿಲು. 20,000 ಸುತ್ತುಗಳಿಗೆ ಹಂಚಿದರೆ ಬರೀ 800. ಸುತ್ತು ಜಾಸ್ತಿ ಬೇಕೆಂದರೆ ಮೆಟ್ಟಿಲು ಕಡಿಮೆ, ಮೆಟ್ಟಿಲು ಜಾಸ್ತಿ ಬೇಕೆಂದರೆ ಸುತ್ತು ಕಡಿಮೆ. ಮುಂದಿನ ಜಗಳವೆಲ್ಲ ಈ ಹಂಚಿಕೆಯದ್ದೇ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ: ನಿಮಗೆ ಬೇಕಾದ್ದು ನವಿರಾದ ಮೆಟ್ಟಿಲೋ, ವೇಗದ ಸುತ್ತೋ? ಎಲ್‌ಇಡಿಗೆ ಸಾಮಾನ್ಯವಾಗಿ ಮೆಟ್ಟಿಲು ಮುಖ್ಯ. ಮೋಟಾರಿಗೆ 100 ಮೆಟ್ಟಿಲೂ ಧಾರಾಳ, ಅಲ್ಲಿ ಸುತ್ತಿನದ್ದೇ ಚಿಂತೆ. ಎರಡನೆಯದು, ಈ ಟೈಮರನ್ನು ನಿಮ್ಮ ಪ್ರೋಗ್ರಾಮಿನಲ್ಲಿ ಮತ್ತೆ ಯಾರು ನೆಚ್ಚಿಕೊಂಡಿದ್ದಾರೆ? `delay` ಮತ್ತು `millis` ಟೈಮರ್ 0ರ ಮೇಲೆ ಕೂತಿವೆ. ಸರ್ವೊ ಲೈಬ್ರರಿ ಟೈಮರ್ 1ನ್ನು ಹಿಡಿದುಕೊಳ್ಳುತ್ತದೆ. `tone` ಟೈಮರ್ 2ನ್ನು. ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಪಿನ್ನಿನ ಆಚೆ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಮಾಸ್ಫೆಟ್ಟೋ ಡ್ರೈವರ್ ಚಿಪ್ಪೋ ಅಷ್ಟು ವೇಗಕ್ಕೆ ಹೊಂದಿಕೊಳ್ಳುತ್ತದಾ?

ಹೇಗಿದೆಯೋ ಹಾಗೇ `analogWrite`

ಖರ್ಚಿಲ್ಲ, ತಲೆನೋವಿಲ್ಲ. 5 ಮತ್ತು 6ನೇ ಪಿನ್ನುಗಳಲ್ಲಿ ಸುಮಾರು 977 ಹರ್ಟ್ಸ್, 3, 9, 10, 11ರಲ್ಲಿ 490. ಮೆಟ್ಟಿಲು ಎಲ್ಲ ಕಡೆ 256.

ಒಂದೇ ಮಟ್ಟದಲ್ಲಿ ಉರಿಯುವ ದೀಪಕ್ಕೆ ಇದೇ ಸಾಕು. ತೊಂದರೆ ಬರುವುದು ಬೆಳಕು ಸೊನ್ನೆಯ ಹತ್ತಿರ ಹೋದಾಗ. 200ರಿಂದ 201ಕ್ಕೆ ಹೋದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ 1ರಿಂದ 2ಕ್ಕೆ ಹೋದಾಗ ಬೆಳಕು ದುಪ್ಪಟ್ಟು. ಕತ್ತಲೆಗೆ ಹೊಂದಿಕೊಂಡ ಕಣ್ಣು ಅದನ್ನು ಬಿಡುತ್ತದಾ? ನಮ್ಮ ಹುಡುಗಿಯ ದಡಕ್ ದಡಕ್ ಇದೇ. `delay` ಎಷ್ಟೇ ಹೊಂದಿಸಿದರೂ ಇದು ಹೋಗುವುದಿಲ್ಲ, ಯಾಕೆಂದರೆ ನಡುವೆ ಮೆಟ್ಟಿಲೇ ಇಲ್ಲ.

ಮೋಟಾರಿನ ಕುಂಯ್ ಶಬ್ದವೂ ಇಲ್ಲಿಂದಲೇ. ಸೆಕೆಂಡಿಗೆ 490 ಸಲ ಕರೆಂಟು ಬಂದು ಹೋದರೆ ಒಳಗಿನ ಸುರುಳಿಯೂ ಗೇರಿನ ಡಬ್ಬಿಯೂ ಅದೇ ತಾಳಕ್ಕೆ ನಡುಗುತ್ತವೆ. ನಮ್ಮ ಕಿವಿ ಚೆನ್ನಾಗಿ ಹಿಡಿಯುವ ಸ್ವರ ಅದು.

ಟೈಮರ್ 2: ಒಂದೇ ಸಾಲಿನ ಬದಲಾವಣೆ

ಮೋಟಾರಿಗೆ ನನ್ನ ಮೊದಲ ಆಯ್ಕೆ ಇದು. 3 ಮತ್ತು 11ನೇ ಪಿನ್ನುಗಳು ಟೈಮರ್ 2ರವು. ಪ್ರಿಸ್ಕೇಲರ್ ಅಂದರೆ ಗಡಿಯಾರದ ಎಣಿಕೆಯನ್ನು ಮೊದಲೇ ಭಾಗಿಸಿ ಕೊಡುವ ಹಲ್ಲಿನ ಚಕ್ರ ಅಂದುಕೊಳ್ಳಿ. ಅದೊಂದನ್ನೇ ಬದಲಿಸಿದರೆ ಸಾಕು. `analogWrite` ಎಂದಿನಂತೆ ಕೆಲಸ ಮಾಡುತ್ತದೆ, 256 ಮೆಟ್ಟಿಲು ಹಾಗೇ ಉಳಿಯುತ್ತವೆ.

```
TCCR2B = (TCCR2B & 0b11111000) | 0x06;  // 122 Hz
analogWrite(3, 110);
```

ಕೊನೆಯ ಅಂಕಿ `0x01` ಆದರೆ ಫ್ರೀಕ್ವೆನ್ಸಿ 31,372 ಹರ್ಟ್ಸ್. `0x04` ಆದರೆ ಮೊದಲಿನ 490. `0x06` ಆದರೆ 122. ಇದೇ ಕೆಲಸವನ್ನು ಟೈಮರ್ 0ಗೆ ಮಾಡಬೇಡಿ. ಅಲ್ಲಿ ಪ್ರಿಸ್ಕೇಲರನ್ನು 64ರಿಂದ 1ಕ್ಕೆ ಇಳಿಸಿದರೆ `delay(1000)` ಒಂದು ಸೆಕೆಂಡಿನ ಬದಲು 16 ಮಿಲಿಸೆಕೆಂಡಿಗೇ ಮುಗಿದುಹೋಗುತ್ತದೆ.

ಈಗ ಪ್ರಶ್ನೆ, 31 ಸಾವಿರಕ್ಕೆ ಏರಬೇಕಾ, 122ಕ್ಕೆ ಇಳಿಯಬೇಕಾ? ಎಲ್ಲರೂ ಹೇಳುವುದು ಏರಿಸಿ ಅಂತ. ಕಿವಿ ಕೇಳುವ ಮಿತಿ ಸುಮಾರು 20 ಕಿಲೋಹರ್ಟ್ಸ್, ಅದರ ಮೇಲೆ ಹೋದರೆ ಶಬ್ದವೇ ಇಲ್ಲ. ಮಾತು ನಿಜ. ಆದರೆ ಏರಿಸಿದರೆ ಎರಡು ಕಡೆ ಬೆಲೆ ತೆರಬೇಕು.

ಒಂದು, ಮೋಟಾರು ನಿಧಾನಕ್ಕೆ ತಿರುಗಲು ಒಪ್ಪುವುದಿಲ್ಲ. ಸುರುಳಿಯಲ್ಲಿ ಕರೆಂಟು ಏರಲು ಸ್ವಲ್ಪ ಹೊತ್ತು ಬೇಕು. 31 ಕಿಲೋಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ ಇರುವುದೇ 32 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಕರೆಂಟು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಸರಾಸರಿಯಲ್ಲಿ ನಿಂತುಬಿಡುತ್ತದೆ. 5 ವೋಲ್ಟಿಗೆ 25 ಶೇಕಡಾ ಡ್ಯೂಟಿ ಕೊಟ್ಟರೆ ಮೋಟಾರಿಗೆ ಸುಮಾರು 1.25 ವೋಲ್ಟ್ ಕೊಟ್ಟ ಹಾಗೆ. ಗೇರಿನ ಹಿಡಿತವನ್ನು ಬಿಡಿಸಲು ಅದು ಸಾಲದು. 122 ಹರ್ಟ್ಸ್‌ನಲ್ಲಿ ಹಾಗಲ್ಲ. ಒಂದು ಸುತ್ತು 8 ಮಿಲಿಸೆಕೆಂಡ್. ಅದರ ಕಾಲು ಭಾಗ ಅಂದರೂ 2 ಮಿಲಿಸೆಕೆಂಡ್, ಕರೆಂಟು ಪೂರ್ತಿ ಏರಿ ಮೋಟಾರಿಗೆ ಒಂದು ಗುದ್ದು ಕೊಡಲು ಸಾಕು. ಸಿಕ್ಕಿಕೊಂಡ ಬಾಗಿಲನ್ನು ಮೆಲ್ಲಗೆ ಒತ್ತಿದರೆ ತೆರೆಯುವುದಿಲ್ಲ, ಗುದ್ದಿದರೆ ತೆರೆಯುತ್ತದೆ, ಹಾಗೆ. ಅವಳ ಡೋಲು ಕಟ್ಟಿದ ಮೋಟಾರು 31 ಕಿಲೋಹರ್ಟ್ಸ್‌ನಲ್ಲಿ `analogWrite` ಅಂಕಿ 100ರ ಕೆಳಗೆ ಇಳಿದರೆ ನಿಂತೇ ಹೋಗುತ್ತಿತ್ತು. 122ರಲ್ಲಿ 60ರ ತನಕ ಇಳಿದರೂ ತಿರುಗಿತು.

ಎರಡು, ಆಚೆಗಿನ ಸಾಮಾನು. ಮೋಟಾರು ಶೀಲ್ಡುಗಳಲ್ಲಿ ಬರುವ ಎಲ್293ಡಿ ಚಿಪ್ 5 ಕಿಲೋಹರ್ಟ್ಸ್‌ವರೆಗಿನ ಕೆಲಸಕ್ಕೆ ಅಂತ ಅದರ ದಾಖಲೆಯಲ್ಲೇ ಇದೆ. 31ಕ್ಕೆ ಓಡಿಸಿದರೆ ಆನ್ ಆಗಿ ಆಫ್ ಆಗುವ ನಡುವಿನ ಹೊತ್ತೇ ಜಾಸ್ತಿಯಾಗಿ ಬಿಸಿಯಾಗುತ್ತದೆ. ಒಂಟಿ ಮಾಸ್ಫೆಟ್ ಬಳಸುವವರು ಮೋಟಾರಿಗೆ ಅಡ್ಡಲಾಗಿ ಹಾಕುವ ಡಯೋಡನ್ನು ನೋಡಬೇಕು. ಎಲ್ಲರ ಡಬ್ಬದಲ್ಲೂ ಇರುವ 1ಎನ್4007 ಇಷ್ಟು ವೇಗಕ್ಕೆ ಆಗುವುದಿಲ್ಲ. ಆಫ್ ಆಗಲು ಅದು ತೆಗೆದುಕೊಳ್ಳುವ ಹೊತ್ತು ನಮ್ಮ ಪುಟ್ಟ ಸುತ್ತಿನಲ್ಲಿ ಲೆಕ್ಕಕ್ಕೆ ಬರುವಷ್ಟು ಪಾಲನ್ನು ತಿನ್ನುತ್ತದೆ. ಮುಟ್ಟಿ ನೋಡಿ, ಡಯೋಡೂ ಮಾಸ್ಫೆಟ್ಟೂ ಸುಮ್ನೆ ಬಿಸಿಯಾಗಿದ್ದರೆ ಕಾರಣ ಇದೇ. ಶಾಟ್‌ಕಿ ಜಾತಿಯ 1ಎನ್5819 ಹಾಕಿ.

ಹಾಗಾದರೆ ಇಳಿಸಿದರೆ ನಷ್ಟವೇ ಇಲ್ವಾ? ಇದೆ. 122ರಲ್ಲೂ ಶಬ್ದ ಇರುತ್ತದೆ. ಕುಂಯ್ ಹೋಗಿ ಗುರ್ ಬರುತ್ತದೆ, ನನಗೆ ಅದು ಅಷ್ಟು ಕಿರಿಕಿರಿಯಲ್ಲ. ಕರೆಂಟು ಗುದ್ದುಗುದ್ದಾಗಿ ಬರುವುದರಿಂದ ಅದೇ ಕೆಲಸಕ್ಕೆ ಮೋಟಾರು ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ. ಸಂಜೆ ಎರಡು ಮೂರು ಗಂಟೆ ತಿರುಗುವ ಕಾಗದದ ಡೋಲಿಗೆ ಇದು ಲೆಕ್ಕಕ್ಕಿಲ್ಲ. ದಿನವಿಡೀ ಓಡುವ ಫ್ಯಾನಿಗಾದರೆ ಲೆಕ್ಕಕ್ಕೆ ಬರುತ್ತದೆ.

ಟೈಮರ್ 1: ತುದಿ ನಿಮ್ಮ ಕೈಯಲ್ಲಿ

ದೀಪ ಮಂದ ಮಾಡುವ ಕೆಲಸಕ್ಕೆ ಇದಕ್ಕೆ ಸಾಟಿ ಆ ಚಿಪ್ಪಿನಲ್ಲಿ ಬೇರೆ ಇಲ್ಲ. ಉಳಿದೆರಡು ಟೈಮರುಗಳು 8 ಬಿಟ್ಟಿನವು, ಇದು 16 ಬಿಟ್ಟಿನದು. 65,535ರ ತನಕ ಎಣಿಸಬಲ್ಲದು. ತುದಿ ಎಲ್ಲಿ ಅನ್ನುವುದನ್ನು `ICR1` ಅನ್ನುವ ರಿಜಿಸ್ಟರಿನಲ್ಲಿ ನಾವೇ ಬರೆಯಬಹುದು. ಪಿನ್ನುಗಳು 9 ಮತ್ತು 10.

```
pinMode(9, OUTPUT);
TCCR1A = _BV(COM1A1) | _BV(WGM11);
TCCR1B = _BV(WGM13) | _BV(WGM12) | _BV(CS10);
ICR1   = 15999;
OCR1A  = 0;
```

ಇದು ಫಾಸ್ಟ್ ಪಿಡಬ್ಲ್ಯುಎಂ, ದಾಖಲೆಯಲ್ಲಿ 14ನೇ ಮೋಡ್. ಪ್ರಿಸ್ಕೇಲರ್ 1. ಲೆಕ್ಕ ಹೀಗೆ:

```
f = 16000000 / (1 × (1 + 15999)) = 1000 Hz
```

ಡ್ಯೂಟಿಯನ್ನು `OCR1A`ಗೆ ಬರೆಯುವುದು. ಆದರೆ ನೇರವಾಗಿ 0, 1, 2 ಅಂತ ಏರಿಸಿದರೆ ಬೆಳಕು ಮೊದಲು ಧಡಕ್ಕನೆ ಏರಿ ಆಮೇಲೆ ನಿಂತಂತೆ ಕಾಣುತ್ತದೆ. ಕಣ್ಣಿನ ಲೆಕ್ಕ ಬೇರೆ. ಅದಕ್ಕೆ ವರ್ಗ ಮಾಡಿ ಕೊಡಬೇಕು. `x` 0ಯಿಂದ 255ರ ತನಕ ಏರಲಿ, ಪಿನ್ನಿಗೆ ಹೋಗುವುದು ಇದು:

```
OCR1A = (uint32_t)x * x * 15999 / 65025;
```

`x` 10 ಇದ್ದಾಗ 24 ಬರುತ್ತದೆ, 11 ಇದ್ದಾಗ 29. ಬುಡದಲ್ಲಿ ಹೆಜ್ಜೆ ಸಣ್ಣ, ಮೇಲೆ ಹೋದಂತೆ ದೊಡ್ಡ. ಪ್ರತಿ ಹೆಜ್ಜೆಗೆ 10 ಮಿಲಿಸೆಕೆಂಡ್ ಇಟ್ಟರೆ ಒಂದು ಉಸಿರು ಏರಲು ಎರಡೂವರೆ ಸೆಕೆಂಡ್. `uint32_t` ಬಿಟ್ಟರೆ ಗುಣಾಕಾರ ಉಕ್ಕಿ ಹರಿದು ದೀಪ ಹುಚ್ಚುಚ್ಚಾಗಿ ಮಿನುಗುತ್ತದೆ.

ಫೋನಿನಲ್ಲಿ ವಿಡಿಯೊ ತೆಗೆದರೆ ಪಟ್ಟೆ ಬರುತ್ತದೆ, ಹಾಗಾಗಿ 4 ಕಿಲೋಹರ್ಟ್ಸ್ ಮಾಡೋಣ ಅಂತ ಅವಳ ವಾದ. `ICR1`ಗೆ 3999 ಹಾಕಿದರೆ ಮುಗಿಯಿತು, 4,000 ಮೆಟ್ಟಿಲು ಉಳಿಯುತ್ತದಲ್ಲ ಅಂದಳು. ಕಾಗದದ ಮೇಲೆ ಸರಿ. ಆದರೆ ಪಿನ್ನಿನ ಆಚೆ ಮಾಸ್ಫೆಟ್ ಇದೆ. ಅದರ ಗೇಟು ಒಂದು ಸಣ್ಣ ಕೆಪಾಸಿಟರಿನ ಹಾಗೆ, ತುಂಬಿದ ಮೇಲೆಯೇ ಬಾಗಿಲು ತೆರೆಯುವುದು. ನಾವು ಬಳಸಿದ್ದು ಐಆರ್‌ಎಲ್‌ಝಡ್44ಎನ್, ಗೇಟಿಗೆ 220 ಓಮ್. ಒಂದು ಮೈಕ್ರೋಸೆಕೆಂಡಿಗಿಂತ ಬಹಳ ಕಿರಿದಾದ ಮಿಡಿತ ಬಂದರೆ ಅದು ಸರಿಯಾಗಿ ತೆರೆಯುವುದೇ ಇಲ್ಲ. ಒಂದು ಮೈಕ್ರೋಸೆಕೆಂಡ್ ಅಂದರೆ 16 ಎಣಿಕೆ. 1 ಕಿಲೋಹರ್ಟ್ಸ್‌ನಲ್ಲಿ ಅದು ಸುತ್ತಿನ ಸಾವಿರದಲ್ಲೊಂದು ಭಾಗ. 4 ಕಿಲೋಹರ್ಟ್ಸ್‌ನಲ್ಲಿ 250ರಲ್ಲೊಂದು ಭಾಗ. ಅಂದರೆ 4 ಸಾವಿರ ಮೆಟ್ಟಿಲು ಇದ್ದರೂ ನಮಗೆ ಬೇಕಾದ ಬುಡದ ಮೆಟ್ಟಿಲುಗಳನ್ನೇ ಗೇಟು ನುಂಗಿಬಿಡುತ್ತದೆ. ಕತ್ತಲಿನಿಂದ ಮೊದಲ ಬೆಳಕಿಗೆ ಹಾರುವ ಹಾರಾಟ ಹಳೇ `analogWrite`ನಷ್ಟೇ ಒರಟಾಗುತ್ತದೆ. ಆದ್ದರಿಂದ ಚೆಂದಕ್ಕೆ ಇಳಿಯುವ ಬೆಳಕು ಮುಖ್ಯವಾದರೆ 1 ಕಿಲೋಹರ್ಟ್ಸ್, ವಿಡಿಯೊ ಮುಖ್ಯವಾದರೆ 4. ಎರಡೂ ಒಟ್ಟಿಗೆ ಬೇಕೆಂದರೆ ಗೇಟ್ ಡ್ರೈವರ್ ಚಿಪ್ ಸೇರಿಸಬೇಕು. ಗೂಡುದೀಪಕ್ಕೆ ಅಷ್ಟೆಲ್ಲ ಯಾಕೆ ಮಾರಾಯ್ರೆ.

ಇನ್ನೊಂದು ವಿಷಯ. ಫಾಸ್ಟ್ ಮೋಡಿನಲ್ಲಿ `OCR1A` ಸೊನ್ನೆ ಇದ್ದರೂ ಪ್ರತಿ ಸುತ್ತಿಗೆ ಒಂದು ಎಣಿಕೆಯಷ್ಟು ಹೊತ್ತು ಪಿನ್ ಆನ್ ಆಗುತ್ತದೆ. ನಮ್ಮ ಮಾಸ್ಫೆಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಪಿನ್ನಿಗೇ ನೇರ ಎಲ್‌ಇಡಿ ಕಟ್ಟಿದವರಿಗೆ ಕತ್ತಲ ಕೋಣೆಯಲ್ಲಿ ಮಿಣುಕು ಕಾಣಬಹುದು. ಅಂಥವರು `WGM12` ಅನ್ನು ಬಿಟ್ಟುಬಿಡಿ. ಆಗ ಅದು ಫೇಸ್ ಕರೆಕ್ಟ್ ಮೋಡ್ ಆಗುತ್ತದೆ. ಎಣಿಕೆ ಏರಿ ಮತ್ತೆ ಇಳಿಯುವುದರಿಂದ ಫ್ರೀಕ್ವೆನ್ಸಿ ಅರ್ಧ, 500 ಹರ್ಟ್ಸ್. ಸೊನ್ನೆ ಅಂದರೆ ಅಲ್ಲಿ ನಿಜವಾಗಿ ಸೊನ್ನೆ.

ಎಡವುವ ಜಾಗ

ನಾನು ಒಂದು ಇಡೀ ಸಂಜೆ ಕಳೆದದ್ದು ಇಲ್ಲಿ. ರಿಜಿಸ್ಟರುಗಳಿಗೆ `=` ಬದಲು ಅಭ್ಯಾಸಬಲದಿಂದ `|=` ಬರೆದಿದ್ದೆ. ಆರ್ಡುಯಿನೊ ನಮ್ಮ `setup` ಶುರುವಾಗುವ ಮೊದಲೇ ಟೈಮರ್ 1ನ್ನು ತನಗೆ ಬೇಕಾದ ಹಾಗೆ ಹೊಂದಿಸಿಟ್ಟಿರುತ್ತದೆ. `|=` ಬರೆದರೆ ಹಳೇ ಬಿಟ್ಟುಗಳು ಅಲ್ಲೇ ಉಳಿಯುತ್ತವೆ. `WGM10` ಉಳಿದುಕೊಂಡು 14ನೇ ಮೋಡ್ 15 ಆಗುತ್ತದೆ. ಆ ಮೋಡಿನಲ್ಲಿ ತುದಿ `ICR1` ಅಲ್ಲ, `OCR1A`ಯೇ ತುದಿ. ಗುರುತೂ ತುದಿಯೂ ಒಂದೇ ಆದ ಮೇಲೆ ಪಿನ್ ಆಫ್ ಆಗುವುದೆಲ್ಲಿಂದ? ಏನು ಬರೆದರೂ ದೀಪ ಪೂರ್ತಿ ಉರಿಯುತ್ತಲೇ ಇತ್ತು. ನಾನು ಮಾಸ್ಫೆಟ್ ಸುಟ್ಟಿದೆ ಅಂದುಕೊಂಡು ಎರಡು ಬದಲಿಸಿದೆ. ಎರಡೂ ಸರಿಯಾಗಿಯೇ ಇದ್ದವು.

ಸಾಲುಗಳ ಕ್ರಮವೂ ಮುಖ್ಯ. ಮೋಡ್ ಹೊಂದಿಸಿದ ಮೇಲೆಯೇ `ICR1` ಬರೆಯಬೇಕು. ಮೊದಲೇ ಬರೆದರೆ ಚಿಪ್ ಅದನ್ನು ಒಪ್ಪಿಕೊಳ್ಳುವುದಿಲ್ಲ. ಹಾಗೆಯೇ ಹಳೇ `analogWrite(9, 128)` ಸಾಲು ಪ್ರೋಗ್ರಾಮಿನಲ್ಲಿ ಎಲ್ಲಾದರೂ ಉಳಿದಿದ್ದರೆ ಅರ್ಧ ಬೆಳಕಿನ ಬದಲು ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಬೆಳಕು ಬರುತ್ತದೆ. ಯಾಕೆಂದರೆ ತುದಿ ಈಗ 255 ಅಲ್ಲ, 15,999.

ಆಸಿಲೋಸ್ಕೋಪ್ ಇಲ್ಲದವರಿಗೆ ಒಂದು ಉಪಾಯ. `CS10` ಇರುವಲ್ಲಿ `CS12` ಮತ್ತು `CS10` ಎರಡನ್ನೂ ಹಾಕಿ. ಪ್ರಿಸ್ಕೇಲರ್ 1024 ಆಗುತ್ತದೆ, 1 ಕಿಲೋಹರ್ಟ್ಸ್ ಇಳಿದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಆಗುತ್ತದೆ. `OCR1A`ಗೆ 8000 ಕೊಟ್ಟು ಗಡಿಯಾರ ಹಿಡಿದು ಮಿನುಗು ಎಣಿಸಿ. ಅರ್ಧ ಸೆಕೆಂಡ್ ಉರಿದು ಅರ್ಧ ಸೆಕೆಂಡ್ ಆರಿದರೆ ಹೊಂದಾಣಿಕೆ ಸರಿ. ಆಮೇಲೆ 1ಕ್ಕೆ ಮರಳಿಸಿ. ಮಲ್ಟಿಮೀಟರಿನ ಡಿಸಿ ವೋಲ್ಟೇಜೂ ಸಹಾಯಕ್ಕೆ ಬರುತ್ತದೆ: 50 ಶೇಕಡಾ ಡ್ಯೂಟಿಗೆ ಪಿನ್ನಿನಲ್ಲಿ ಸುಮಾರು 2.5 ವೋಲ್ಟ್ ತೋರಿಸಬೇಕು.

ಬೋರ್ಡನ್ನೇ ಬದಲಿಸುವುದು

ಇಎಸ್‌ಪಿ32ರಲ್ಲಿ 1 ಕಿಲೋಹರ್ಟ್ಸ್‌ಗೆ 65 ಸಾವಿರ ಮೆಟ್ಟಿಲು ಸಿಗುತ್ತದೆ. `delay` ಕೆಡುವ ಭಯವಿಲ್ಲ. ರಾಸ್ಪ್‌ಬೆರಿ ಪೈ ಪಿಕೊದಲ್ಲೂ ಪಿಡಬ್ಲ್ಯುಎಂ ಕೌಂಟರುಗಳು 16 ಬಿಟ್ಟಿನವೇ. ಆದರೆ ಒಂದು ಸಾದಾ ಪಟ್ಟಿಗೆ ಆ ಮೆಟ್ಟಿಲುಗಳು ಬೇಕಿಲ್ಲ, ಗೇಟು ಹೇಗೂ ನುಂಗುತ್ತದೆ. ಮೇಲಾಗಿ ಈ ಎರಡರ ಪಿನ್ನಿನಲ್ಲೂ ಬರುವುದು 3.3 ವೋಲ್ಟ್. ಐಆರ್‌ಎಲ್‌ಝಡ್44ಎನ್ ಅಷ್ಟಕ್ಕೆ ಪೂರ್ತಿ ತೆರೆದುಕೊಳ್ಳುತ್ತದೆ ಅಂತ ನಂಬುವಂತಿಲ್ಲ, ಮಾಸ್ಫೆಟ್ಟೂ ಬದಲಿಸಬೇಕಾಗುತ್ತದೆ. ಇಎಸ್‌ಪಿ32ರ ಆರ್ಡುಯಿನೊ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಹಳೇ `ledcSetup` ಹೋಗಿ `ledcAttach` ಬಂದಿದೆ, ಹುಡುಕಿ ತಂದ ಹಳೇ ಪ್ರೋಗ್ರಾಮು ಕಂಪೈಲ್ ಆಗುವುದಿಲ್ಲ.

ಕೆಂಪು, ಹಸಿರು, ನೀಲಿ ಮೂರನ್ನೂ ನವಿರಾಗಿ ಬೆರೆಸಬೇಕಾದರೆ ಮಾತ್ರ ನಾನು ಬೋರ್ಡು ಬದಲಿಸಿ ಅನ್ನುತ್ತೇನೆ. ಟೈಮರ್ 1ಕ್ಕೆ ಇರುವುದು ಎರಡೇ ಪಿನ್, ಮೂರನೇ ಬಣ್ಣಕ್ಕೆ 8 ಬಿಟ್ಟಿನ ಟೈಮರೇ ಗತಿ. ಮೊಬೈಲಿನಿಂದ ವೈಫೈಯಲ್ಲಿ ನಡೆಸಬೇಕಿದ್ದರೂ ಇಎಸ್‌ಪಿ32 ಸರಿ.

ಕೊನೆಗೆ ಗೂಡಿನೊಳಗೆ ಹೋದದ್ದು

9 ಮತ್ತು 10ನೇ ಪಿನ್ನುಗಳಿಗೆ `ICR1` ಒಂದೇ. ದೀಪಕ್ಕೊಂದು, ಮೋಟಾರಿಗೊಂದು ಫ್ರೀಕ್ವೆನ್ಸಿ ಅಲ್ಲಿ ಕೊಡಲಾಗುವುದಿಲ್ಲ. ಅದಕ್ಕೆ ದೀಪವನ್ನು 9ಕ್ಕೆ, 1 ಕಿಲೋಹರ್ಟ್ಸ್‌ನಲ್ಲಿ ಹಾಕಿದೆವು. ಮೋಟಾರನ್ನು 3ಕ್ಕೆ, 122 ಹರ್ಟ್ಸ್‌ನಲ್ಲಿ. ಟೈಮರ್ 0 ಮುಟ್ಟಲಿಲ್ಲ. ಎರಡಕ್ಕೂ ಅದೇ ಮಾಸ್ಫೆಟ್, ಗೇಟಿನಿಂದ ನೆಲಕ್ಕೆ 10 ಕಿಲೋ ಓಮ್, ಬೋರ್ಡು ಶುರುವಾಗುವಾಗ ದೀಪ ಫಳಕ್ಕನೆ ಹೊತ್ತದಿರಲಿ ಅಂತ. ಮೋಟಾರಿನ ಮೇಲೆ ಡಬ್ಬದಲ್ಲಿದ್ದ 1ಎನ್4007. 122ಕ್ಕೆ ಅದು ಸಾಕು. ಹೊಸದಾಗಿ ಒಂದು ಪೈಸೆಯ ಸಾಮಾನೂ ತರಲಿಲ್ಲ.

ಮರುದಿನ ಮತ್ತೆ ಬಂದಳು. ದೇವರ ಕೋಣೆಯೊಳಗೆ ಸಣ್ಣದೊಂದು ಗೂಡು ಬೇಕಂತೆ, ಅಲ್ಲಿ ಗುರ್ ಅಂದರೆ ಅವಳ ಅಜ್ಜಿಗೆ ಆಗುವುದಿಲ್ಲವಂತೆ. ಅದಕ್ಕೆ `0x06` ತೆಗೆದು `0x01` ಹಾಕಿ, ಡಯೋಡ್ ಬದಲಿಸಿದೆವು. ಶುರುವಿಗೆ 100 ಮಿಲಿಸೆಕೆಂಡ್ 255 ಕೊಟ್ಟು ಆಮೇಲೆ 115ಕ್ಕೆ ಇಳಿಸಿದೆವು. ಡೋಲು ಸ್ವಲ್ಪ ಜೋರಾಗಿಯೇ ತಿರುಗಿತು. ಅಜ್ಜಿ ಅದಕ್ಕೇನೂ ಹೇಳಲಿಲ್ಲ.